ಸ್ಟಾಕ್ ಹೆಚ್ಚಾದಾಗ ರೇಶಿಯೊ ಚೆನ್ನಾಗಿ ಕಾಣುತ್ತದೆ: ಸಾಲ ಕೊಡುವ ಮುಂಚೆ ಏನು ನೋಡಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಬ್ಯಾಲೆನ್ಸ್ ಶೀಟ್ ಬಿಚ್ಚಿ ನೋಡೋಣ. ಲೆಕ್ಕಕ್ಕಾಗಿ ನಾನೇ ಮಾಡಿಕೊಂಡ ಮಧ್ಯಮ ಗಾತ್ರದ ರಿಟೇಲ್ ಕಂಪನಿ ಇದು, ಅಂಕಿಗಳೆಲ್ಲ ಕೋಟಿಯಲ್ಲಿವೆ.

ಹೋದ ವರ್ಷ ಚಾಲ್ತಿ ಆಸ್ತಿ 66, ಚಾಲ್ತಿ ಹೊಣೆ 50. ಆಸ್ತಿಯನ್ನು ಹೊಣೆಯಿಂದ ಭಾಗಿಸಿದರೆ ಕರೆಂಟ್ ರೇಶಿಯೊ 1.32. ಈ ವರ್ಷ 84 ಮತ್ತು 56, ಅಂದರೆ 1.5. ಸುಧಾರಿಸಿದೆ ಅಂತ ಫೈಲ್‌ನಲ್ಲಿ ಬರೆದುಬಿಡುವವರೇ ಜಾಸ್ತಿ. ಆದರೆ 84ರ ಒಳಗೆ ಏನಿದೆ ನೋಡಿ: ಸ್ಟಾಕೇ 72. ಹೋದ ವರ್ಷ 54 ಇತ್ತು. ಮಾರಿದ ಸರಕಿನ ವೆಚ್ಚ ಎರಡೂ ವರ್ಷ 219, ಅಂದರೆ ವ್ಯಾಪಾರ ಬೆಳೆದಿಲ್ಲ. 54ನ್ನು 219ರಿಂದ ಭಾಗಿಸಿ 365ರಿಂದ ಗುಣಿಸಿದರೆ 90 ದಿನ, 72ಕ್ಕೆ 120 ದಿನ. ಮಾಲು ಮೊದಲಿಗಿಂತ ಒಂದು ತಿಂಗಳು ಹೆಚ್ಚು ಕಪಾಟಿನಲ್ಲೇ ಕೂತಿದೆ. ರೇಶಿಯೊ ಏರಿದ್ದು ಅದಕ್ಕೇ!

ಹೆಚ್ಚಾದ 18ರ ಮಾಲು ಅರ್ಧ ಬೆಲೆಗೆ ಹೋಯಿತು ಅಂದುಕೊಳ್ಳಿ. 9 ಹೋಯಿತು, ರೇಶಿಯೊ 1.34ಕ್ಕೆ ಇಳಿಯಿತು. ಆ 9 ನೇರವಾಗಿ ಮಾಲೀಕರ ಬಂಡವಾಳಕ್ಕೂ ಪೆಟ್ಟು.

ಸ್ಟಾಕ್ ಬಿಟ್ಟು ಲೆಕ್ಕ ಹಾಕುವ ಕ್ವಿಕ್ ರೇಶಿಯೊ ನೋಡಿದರೆ ನಗದು, ಗ್ರಾಹಕರಿಂದ ಬರಬೇಕಾದ ಬಾಕಿ ಸೇರಿ 8, ಅದನ್ನು 56ರಿಂದ ಭಾಗಿಸಿದರೆ 0.14. ಇದನ್ನು ನೋಡಿ ಗಾಬರಿಯಾಗಬೇಡಿ. ರಿಟೇಲ್‌ನಲ್ಲಿ ಗ್ರಾಹಕರು ಕೈಗೇ ದುಡ್ಡು ಕೊಡುತ್ತಾರೆ, ಉದ್ರಿ ಕಡಿಮೆ, ಹಾಗಾಗಿ ಈ ಅಂಕಿ ಯಾವಾಗಲೂ ಕಡಿಮೆಯೇ. ಅದಕ್ಕಿಂತ ವರ್ಷ ಮುಗಿಯುವ ದಿನಾಂಕ ಗಮನಿಸಿ. ಸಾಮಾನ್ಯವಾಗಿ ಸೀಸನ್ ಮುಗಿದ ಮೇಲೆ ಲೆಕ್ಕ ಮುಚ್ಚುತ್ತಾರೆ, ಆಗ ಸ್ಟಾಕ್ ಅತಿ ಕಡಿಮೆ, ನಗದು ಜಾಸ್ತಿ ಇರಬೇಕು. ಅಂಥ ದಿನವೇ 120 ದಿನದ ಮಾಲಿದ್ದರೆ ಉಳಿದ ತಿಂಗಳುಗಳಲ್ಲಿ ಎಷ್ಟಿರಬಹುದು? ಅದಕ್ಕೇ ತಿಂಗಳುವಾರು ಸ್ಟಾಕ್ ಕೇಳಬೇಕು.

ಈಗ ದೀರ್ಘಾವಧಿಯ ಮಾತು. ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭ 27, ಬ್ಯಾಂಕ್ ಬಡ್ಡಿ 5. ಬಡ್ಡಿಯ 5.4 ಪಟ್ಟು ಲಾಭ, ಆರಾಮ ಅನ್ನಿಸುತ್ತದೆ ಅಲ್ವಾ? ಆದರೆ 2019ರಿಂದ ಜಾರಿಯಾದ, ಲೀಸ್ ಲೆಕ್ಕದ ಅಂತರರಾಷ್ಟ್ರೀಯ ನಿಯಮವಾದ ಐಎಫ್‌ಆರ್‌ಎಸ್ 16ರ ಪ್ರಕಾರ ಅಂಗಡಿಗಳ ಬಾಡಿಗೆಯಲ್ಲಿ ಬಹುಪಾಲು ಸವಕಳಿ ಮತ್ತು ಬಡ್ಡಿಯಾಗಿ ಈ 27ರ ಕೆಳಗೆ ಹೋಗುತ್ತದೆ, ಅಂದರೆ 27ರಲ್ಲಿ ಅದನ್ನು ಕಳೆದಿರುವುದಿಲ್ಲ. ದುಡ್ಡು ಮಾತ್ರ ಹೋಗುತ್ತಲೇ ಇರುತ್ತದೆ. ನಗದು ಹರಿವಿನ ಪಟ್ಟಿಯಿಂದ ಲೀಸ್ ಪಾವತಿ ತೆಗೆಯಿರಿ: 15. ಬಡ್ಡಿ 5, ಅಸಲಿನ ಕಂತು 6. ಒಟ್ಟು 26. 27ನ್ನು 26ರಿಂದ ಭಾಗಿಸಿದರೆ 1.04. ತೆರಿಗೆ ಇನ್ನೂ ಕಟ್ಟಿಲ್ಲ, ಅಂಗಡಿ ರಿಪೇರಿಗೆ ಒಂದು ಪೈಸೆ ಇಟ್ಟಿಲ್ಲ. ಬಾಡಿಗೆ ನಿಲ್ಲಿಸಿದರೆ ಅಂಗಡಿಯೇ ಹೋಗುತ್ತದೆ, ಹಾಗಾಗಿ ನಮ್ಮ ಕಂತಿಗಿಂತ ಮೊದಲು ಬಾಡಿಗೆಯೇ ಕಟ್ಟುತ್ತಾರೆ.

ನನ್ನ ಪ್ರಕಾರ ಇವರಿಗೆ ಹೊಸ ಟರ್ಮ್ ಲೋನ್ ಈಗ ಬೇಡ. ದುಡಿಮೆ ಬಂಡವಾಳದ ಮಿತಿ ಕೊಡಬಹುದು, ಆದರೆ ಸ್ಟಾಕ್‌ನ ವಯಸ್ಸಿನ ಪಟ್ಟಿ ಪ್ರತಿ ತಿಂಗಳು ಬರಬೇಕು. ಆರು ತಿಂಗಳು ದಾಟಿದ ಮಾಲನ್ನು ಲೆಕ್ಕದಿಂದ ಬಿಟ್ಟು, ಪೂರೈಕೆದಾರರಿಗೆ ಕೊಡಬೇಕಾದ್ದನ್ನೂ ಕಳೆದು, ಉಳಿದದ್ದರ ಮೇಲೆ ಮಾತ್ರ ಹಣ ಬಿಡಬೇಕು.