ಎರಡು ವಿಭಾಗಗಳಲ್ಲೂ ಮುಂದೆ, ಒಟ್ಟು ಲೆಕ್ಕದಲ್ಲಿ ಹಿಂದೆ

ಮಾನ್ಯ ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಸಿಂಪ್ಸನ್ ವಿರೋಧಾಭಾಸ ಈ ಸಭೆಗೆ ಹೊಸದಲ್ಲ. ಗುಂಪುಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಕಾಣುವ ಒಲವು, ಅವನ್ನು ಕೂಡಿಸಿದೊಡನೆ ತಿರುವುಮುರುವಾಗುವುದನ್ನು ನೀವೆಲ್ಲ ಓದಿದ್ದೀರಿ. ಅದರ ಬೆನ್ನಿಗೇ ಬರುವ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರವೇಶಾತಿಯ ಕಥೆಯನ್ನೂ ಕೇಳಿದ್ದೀರಿ. ಆ ಕಥೆಯನ್ನು ನಾವು ಪಾಠ ಮಾಡುವವರು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ ಎಂಬುದು ನನ್ನ ಬಹುದಿನಗಳ ತಕರಾರು. ಇಂದು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. (ಅಂದಹಾಗೆ, ಸಿಂಪ್ಸನ್ 1951ರಲ್ಲಿ ಬರೆದದ್ದರ ತಿರುಳನ್ನು ಯೂಲ್ 1903ರಲ್ಲೇ ಬರೆದಿದ್ದರು. ದುಡಿದವರೊಬ್ಬರು, ಹೆಸರು ಪಡೆದವರು ಇನ್ನೊಬ್ಬರು ಎಂಬುದು ಸಂಖ್ಯಾಶಾಸ್ತ್ರದಲ್ಲೂ ಉಂಟು.)

ಮೊದಲು ಒಂದು ಪ್ರಚಲಿತ ತಪ್ಪನ್ನು ಸರಿಪಡಿಸಬೇಕು. ಮಹಿಳೆಯರಿಗೆ ತಾರತಮ್ಯ ಮಾಡಿದ್ದಕ್ಕಾಗಿ ಬರ್ಕ್ಲಿಯ ಮೇಲೆ ಮೊಕದ್ದಮೆ ಹೂಡಲಾಗಿತ್ತು ಎಂದು ಎಷ್ಟೋ ಕಡೆ ಬರೆಯುತ್ತಾರೆ. ಹಾಗೇನೂ ಆಗಿರಲಿಲ್ಲ. 1973ರ ಸ್ನಾತಕೋತ್ತರ ಪ್ರವೇಶಾತಿಯಲ್ಲಿ ಅರ್ಜಿ ಹಾಕಿದ 8442 ಪುರುಷರಲ್ಲಿ ಸುಮಾರು ಶೇ. 44 ಮಂದಿಗೆ, 4321 ಮಹಿಳೆಯರಲ್ಲಿ ಸುಮಾರು ಶೇ. 35 ಮಂದಿಗೆ ಪ್ರವೇಶ ಸಿಕ್ಕಿತ್ತು. ಈ ಅಂತರವನ್ನು ಕಂಡು, ನಾಳೆ ಯಾರಾದರೂ ನ್ಯಾಯಾಲಯಕ್ಕೆ ಹೋದಾರೆಂಬ ಅಳುಕಿನಿಂದ ಅಲ್ಲಿನ ಆಡಳಿತದಲ್ಲಿದ್ದ ಯೂಜೀನ್ ಹ್ಯಾಮೆಲ್ ಅವರು ಸಂಖ್ಯಾಶಾಸ್ತ್ರಜ್ಞ ಪೀಟರ್ ಬಿಕೆಲ್ ಅವರ ನೆರವು ಕೇಳಿದರು. ಇವರಿಬ್ಬರೂ ಓಕಾನಲ್ ಅವರೊಡನೆ ಸೇರಿ ಬರೆದ ಲೇಖನ 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅತಿ ದೊಡ್ಡ ಆರು ವಿಭಾಗಗಳ ಅಂಕಿಗಳು ಹೆಸರಿಲ್ಲದೆ, ಎ ಇಂದ ಎಫ್ ವರೆಗಿನ ಅಕ್ಷರಗಳಲ್ಲಿ ಪಠ್ಯಗಳಲ್ಲಿ ಸಿಗುತ್ತವೆ. ಅವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ನೋಡೋಣ. ಎ ವಿಭಾಗಕ್ಕೆ ಅರ್ಜಿ ಹಾಕಿದ 825 ಪುರುಷರಲ್ಲಿ 512 ಮಂದಿಗೆ, ಅಂದರೆ ಶೇ. 62ರಷ್ಟು ಜನರಿಗೆ ಪ್ರವೇಶ ಸಿಕ್ಕಿತು. 108 ಮಹಿಳೆಯರಲ್ಲಿ 89 ಮಂದಿಗೆ, ಅಂದರೆ ಶೇ. 82ರಷ್ಟು. ಎಫ್ ವಿಭಾಗ ಬಹಳ ಬಿಗಿ: 373 ಪುರುಷರಲ್ಲಿ 22 ಮಂದಿ, ಶೇ. 6, 341 ಮಹಿಳೆಯರಲ್ಲಿ 24 ಮಂದಿ, ಶೇ. 7. ಎರಡೂ ಕಡೆ ಮಹಿಳೆಯರೇ ಮುಂದಿದ್ದಾರೆ. ಈಗ ಎರಡನ್ನೂ ಕೂಡಿಸಿ. ಪುರುಷರು 1198ರಲ್ಲಿ 534, ಸುಮಾರು ಶೇ. 45. ಮಹಿಳೆಯರು 449ರಲ್ಲಿ 113, ಶೇ. 25. ಯಾರೂ ಅಂಕಿಗಳನ್ನು ತಿದ್ದಿಲ್ಲ, ಕೂಡಿಸಿದ್ದಷ್ಟೇ.

ಆರರಲ್ಲಿ ಈ ಎರಡನ್ನು ನಾನು ಬೇಕೆಂದೇ ಆರಿಸಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಸಿ ಮತ್ತು ಇ ವಿಭಾಗಗಳಲ್ಲಿ ಪುರುಷರ ಪ್ರಮಾಣವೇ ತುಸು ಹೆಚ್ಚಿತ್ತು. ಆದರೆ ಒಳಗಿನ ಯಂತ್ರ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಈ ಜೋಡಿಯಲ್ಲಿಯೇ. ಒಟ್ಟು ಪ್ರಮಾಣವೆಂದರೆ ಎರಡು ವಿಭಾಗಗಳ ಪ್ರಮಾಣಗಳ ತೂಕಸಹಿತ ಸರಾಸರಿ. ತೂಕವೆಂದರೆ ಅರ್ಜಿದಾರರ ಹಂಚಿಕೆ. ಈ ಪುರುಷರಲ್ಲಿ ಶೇ. 69 ಮಂದಿ ಸುಲಭವಾಗಿ ಸೇರಿಸಿಕೊಳ್ಳುವ ಎ ವಿಭಾಗವನ್ನು ಹಿಡಿದರೆ, ಮಹಿಳೆಯರಲ್ಲಿ ಹಾಗೆ ಮಾಡಿದವರು ಶೇ. 24 ಮಾತ್ರ; ಉಳಿದವರೆಲ್ಲ ಹದಿನಾಲ್ಕರಲ್ಲಿ ಒಬ್ಬರಿಗಷ್ಟೇ ಬಾಗಿಲು ತೆರೆಯುವ ಎಫ್ ವಿಭಾಗದ ಮುಂದೆ ಸಾಲುಗಟ್ಟಿದ್ದರು. ವಿಭಾಗಗಳ ಪ್ರಮಾಣವನ್ನು ಹಾಗೆಯೇ ಇರಿಸಿ ಮಹಿಳೆಯರನ್ನೂ ಪುರುಷರಂತೆಯೇ ಹಂಚಿ ನೋಡಿದರೆ, ಅವರ ಒಟ್ಟು ಪ್ರಮಾಣ ಶೇ. 25ರಿಂದ ಸುಮಾರು 59ಕ್ಕೆ ಏರುತ್ತದೆ. ಪುರುಷರನ್ನು ಮಹಿಳೆಯರಂತೆ ಹಂಚಿದರೆ ಅವರ ಪ್ರಮಾಣ 45ರಿಂದ ಸುಮಾರು 19ಕ್ಕೆ ಇಳಿಯುತ್ತದೆ. ತೂಕ ಸಮನಾದ ಕೂಡಲೇ ವಿರೋಧಾಭಾಸ ಮಾಯವಾಗುತ್ತದೆ.

ಇಲ್ಲಿ ನನಗೆ ಬಲು ಇಷ್ಟವಾದ ಪ್ರಸಂಗವೊಂದಿದೆ, ಸ್ವಲ್ಪ ಸಮಯ ಹಿಡಿದರೂ ಹೇಳಿಯೇ ತೀರುತ್ತೇನೆ. ಬಿಕೆಲ್ ಮತ್ತು ಸಂಗಡಿಗರು ತಮ್ಮ ಲೇಖನದಲ್ಲಿ ಎರಡು ಕಾಲ್ಪನಿಕ ವಿಭಾಗಗಳನ್ನು ಸೃಷ್ಟಿಸಿ ಅವಕ್ಕೆ 'ಮಚಿಸ್ಮ್ಯಾಟಿಕ್ಸ್' ಮತ್ತು 'ಸೋಷಿಯಲ್ ವಾರ್‌ಫೇರ್' ಎಂದು ಹೆಸರಿಟ್ಟರು; ಗಂಡಸುತನದ ಜಂಬವನ್ನು ಗಣಿತಕ್ಕೆ ಬೆಸೆದ ಹೆಸರು ಒಂದು, ಸಮಾಜ ಕಲ್ಯಾಣವನ್ನು ಸಮಾಜ ಯುದ್ಧವಾಗಿಸಿದ್ದು ಇನ್ನೊಂದು. ಮೂವರು ಗಂಭೀರ ವಿದ್ವಾಂಸರು ಸೈನ್ಸ್ ಪತ್ರಿಕೆಯ ಪುಟದಲ್ಲಿ ಹೀಗೆ ತುಂಟತನ ಮಾಡಿದ್ದಾರೆಂದು ಹೇಳಿದರೆ ವಿದ್ಯಾರ್ಥಿಗಳು ನಂಬುವುದೇ ಇಲ್ಲ. ಮೊದಲನೆಯದಕ್ಕೆ 400 ಪುರುಷರೂ 200 ಮಹಿಳೆಯರೂ ಅರ್ಜಿ ಹಾಕುತ್ತಾರೆ, ಎರಡೂ ಕಡೆ ಸರಿಯಾಗಿ ಅರ್ಧದಷ್ಟು ಜನರಿಗೆ ಪ್ರವೇಶ. ಎರಡನೆಯದಕ್ಕೆ 150 ಪುರುಷರು, 450 ಮಹಿಳೆಯರು. ಎರಡೂ ಕಡೆ ಮೂರರಲ್ಲಿ ಒಂದು ಪಾಲು. ಯಾವ ವಿಭಾಗವೂ ಎಳ್ಳಷ್ಟೂ ಭೇದ ಮಾಡಿಲ್ಲ. ಆದರೂ ಒಟ್ಟಿನಲ್ಲಿ ಪುರುಷರು ಶೇ. 45, ಮಹಿಳೆಯರು ಶೇ. 38 ಚಿಲ್ಲರೆ! ನಮ್ಮ ಎ ಮತ್ತು ಎಫ್ ವಿಭಾಗಗಳಲ್ಲಿ ಇದೇ ಸೆಳೆತ ಇನ್ನಷ್ಟು ಬಲವಾಗಿ, ಇದ್ದ ಮುನ್ನಡೆಯನ್ನೂ ಅಳಿಸಿ ತಿರುಗಿಸಿಬಿಟ್ಟಿತು.

ಸಾಮಾನ್ಯವಾಗಿ ಪಾಠ ಇಲ್ಲಿಗೆ ಮುಗಿಯುತ್ತದೆ. 'ಆದ್ದರಿಂದ ತಾರತಮ್ಯ ಇರಲಿಲ್ಲ' ಎಂದು ಹೇಳಿ ಕರಿಹಲಗೆ ಒರೆಸುತ್ತೇವೆ. ನನ್ನ ತಕರಾರು ಇರುವುದೇ ಇಲ್ಲಿ. ತೂಕವೇ ಕಾರಣವೆಂದ ಮೇಲೆ ಆ ತೂಕ ಎಲ್ಲಿಂದ ಬಂತು ಎಂದು ಕೇಳಬೇಡವೇ? ವಿಭಾಗವಾರು ಅಂಕಿ ಉತ್ತರಿಸುವುದು ಪ್ರವೇಶ ಸಮಿತಿಗಳು ಹೇಗೆ ನಡೆದುಕೊಂಡವು ಎಂಬ ಪ್ರಶ್ನೆಗೆ. ಲೇಖನದ ಕರ್ತೃಗಳು ಪರೀಕ್ಷಿಸಿದ 85 ವಿಭಾಗಗಳಲ್ಲಿ ಮಹಿಳೆಯರಿಗೆ ಎದ್ದು ಕಾಣುವಷ್ಟು ಪ್ರತಿಕೂಲವಾಗಿದ್ದವು 4, ಪುರುಷರಿಗೆ ಪ್ರತಿಕೂಲವಾಗಿದ್ದವು 6. ಹಂಚಿಕೆಯ ವ್ಯತ್ಯಾಸವನ್ನು ಸರಿಪಡಿಸಿ ನೋಡಿದಾಗ ಒಟ್ಟಾರೆ ಒಲವು ಮಹಿಳೆಯರ ಕಡೆಗೇ ಸ್ವಲ್ಪ ವಾಲಿತ್ತು. ಆದರೆ ಮಹಿಳೆಯರು ನೂಕುನುಗ್ಗಲಿನ ವಿಭಾಗಗಳಿಗೇ ಏಕೆ ಹೋದರು ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಬಿಕೆಲ್ ಮತ್ತು ಸಂಗಡಿಗರು ಇದನ್ನು ಮರೆಯಲಿಲ್ಲ, ಮರೆತವರು ನಾವು. ಗಣಿತದ ತಯಾರಿ ಬೇಡುವ ವಿಭಾಗಗಳಿಗೆ ಸೇರುವುದು ಸುಲಭವಾಗಿತ್ತು, ಅಲ್ಲಿಗೆ ಅರ್ಜಿ ಹಾಕಿದ ಮಹಿಳೆಯರು ಕಡಿಮೆ. ಬೆಳೆಸುವ ರೀತಿ ಮತ್ತು ಹಿಂದಿನ ಶಿಕ್ಷಣವೇ ಮಹಿಳೆಯರನ್ನು ಹೆಚ್ಚು ಕಿಕ್ಕಿರಿದ, ಕಡಿಮೆ ಹಣಕಾಸು ಸಿಗುವ ಕ್ಷೇತ್ರಗಳತ್ತ ತಳ್ಳಿರುತ್ತದೆ ಎಂದು ಅವರು ಬರೆದರು. ತೂಕ ಯಾರದು, ಅದನ್ನು ಇಟ್ಟವರು ಯಾರು ಎಂಬುದೇ ಅರ್ಧಕ್ಕೆ ಬಿಟ್ಟುಹೋದ ಕಥೆ. ಲಿಂಗವು ವಿಭಾಗದ ಆಯ್ಕೆಯನ್ನು ಪ್ರಭಾವಿಸಿ, ಆ ಆಯ್ಕೆ ಫಲಿತಾಂಶವನ್ನು ಪ್ರಭಾವಿಸುವುದಾದರೆ, ವಿಭಾಗವೆಂಬುದು ನಡುವಿನ ಕೊಂಡಿ. ಅದನ್ನು ಸ್ಥಿರವಾಗಿ ಹಿಡಿದಾಗ ಆ ದಾರಿಯಲ್ಲಿ ಹರಿದು ಬಂದ ಅಸಮಾನತೆಯೂ ಲೆಕ್ಕದಿಂದ ಹೊರಗೆ ಹೋಗುತ್ತದೆ.

ವಿಭಾಗದೊಳಗಿನ ಹೋಲಿಕೆಯೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಎ ವಿಭಾಗದ 82 ಮತ್ತು 62ರ ಅಂತರ ಮಹಿಳೆಯರ ಪರವಾದ ಪಕ್ಷಪಾತವೇ? ಇರಬಹುದು. ಅಥವಾ ಪುರುಷರೇ ಮುಗಿಬಿದ್ದ ಅಂಥ ವಿಭಾಗಕ್ಕೆ ಅರ್ಜಿ ಹಾಕುವ ಧೈರ್ಯ ಮಾಡಿದ 108 ಮಂದಿ ಬಹಳ ಸಮರ್ಥರೇ ಆಗಿದ್ದಿರಬಹುದು. ಹಾಗಿದ್ದರೆ 82 ಕೂಡ ಅವರ ಅರ್ಹತೆಗೆ ಕಡಿಮೆಯೇ ಆಗಿರಲು ಸಾಧ್ಯ. ಅರ್ಜಿದಾರರ ಅರ್ಹತೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬಿಕೆಲ್ ಅವರೂ ಎರಡು ಗುಂಪಿನ ಅರ್ಹತೆ ಸಮಾನವೆಂದು ಊಹಿಸಿಕೊಂಡೇ ಲೆಕ್ಕ ಮಾಡಿದ್ದು, ಹಾಗೆಂದು ಹೇಳಿಯೇ ಮಾಡಿದ್ದು.

ಅಧ್ಯಕ್ಷರು ಎರಡನೆಯ ಬಾರಿ ಗಡಿಯಾರ ನೋಡಿದರು. ಮೂರು ಅಂಶಗಳನ್ನು ಬರೆದುಕೊಂಡು ಬಂದಿದ್ದೆ, ಒಂದಕ್ಕಷ್ಟೇ ಅವಕಾಶವಿದೆ. ಕೂಡಿಸಿದಾಗಲೆಲ್ಲ ಹೀಗೆ ತಿರುಗಿಬಿಡುವುದಿಲ್ಲ, ಮತ್ತು ತಿರುಗಬಹುದೇ ಎಂಬುದನ್ನು ಹಂಚಿಕೆ ನೋಡದೆಯೇ ತಿಳಿಯಬಹುದು. ಮಹಿಳೆಯರ ಒಟ್ಟು ಪ್ರಮಾಣ ಹೇಗಿದ್ದರೂ 7 ಮತ್ತು 82ರ ನಡುವೆ ಬೀಳಬೇಕು, ಪುರುಷರದು 6 ಮತ್ತು 62ರ ನಡುವೆ. ಈ ಎರಡು ವ್ಯಾಪ್ತಿಗಳು ಒಂದರ ಮೇಲೊಂದು ಹರಡಿಕೊಂಡಿರುವುದರಿಂದಲೇ ತಿರುಗಲು ಜಾಗ ಸಿಕ್ಕಿತು. ಎಫ್ ವಿಭಾಗದಲ್ಲಿ ಮಹಿಳೆಯರ ಪ್ರಮಾಣ 7ರ ಬದಲು 65 ಇದ್ದಿದ್ದರೆ, ಅರ್ಜಿದಾರರನ್ನು ಹೇಗೆ ಹಂಚಿದರೂ ಒಟ್ಟಿನಲ್ಲಿ ಪುರುಷರು ಅವರನ್ನು ದಾಟುವಂತಿರಲಿಲ್ಲ. ಉಳಿದ ಎರಡು ಅಂಶಗಳನ್ನು ಪ್ರಶ್ನೆ ಕೇಳುವವರ ಪಾಲಿಗೆ ಬಿಡುತ್ತೇನೆ. ನಮಸ್ಕಾರ.