ಫ್ಯಾನಿನ ಅಸಲು 1,770 ಅಲ್ಲ

ಎಲ್ಲರಿಗೂ ನಮಸ್ಕಾರ. ಅಂಗಡಿ ಬಾಗಿಲು ಬೇಗ ಎಳೆದು ಬಂದಿದ್ದೀರಿ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ರಾಯಚೂರಿನಲ್ಲಿ ನಮಗೆ ಫ್ಯಾನಿನ ವ್ಯಾಪಾರ ಗೊತ್ತಿಲ್ಲದ್ದೇನಲ್ಲ. ಬಿಸಿಲಿಗೆ ಹೆಸರಾದ ಊರು, ಯುಗಾದಿ ಬರುವ ಮೊದಲೇ ಗಿರಾಕಿ ಬಂದು ನಿಲ್ಲುತ್ತಾನೆ. ಹಾಗಾಗಿ ಇವತ್ತು ಒಂದೇ ಒಂದು ಸೀಲಿಂಗ್ ಫ್ಯಾನ್ ಇಟ್ಟುಕೊಂಡು ಮಾತಾಡೋಣ.

ಹೈದರಾಬಾದಿನ ಹೋಲ್‌ಸೇಲ್ ಅಂಗಡಿಯಿಂದ 40 ಫ್ಯಾನ್ ತರಿಸಿದಿರಿ ಅಂದುಕೊಳ್ಳಿ. ಒಂದರ ದರ 1,500. ಅದರ ಮೇಲೆ ಶೇಕಡ 18 ತೆರಿಗೆ, ಅಂದರೆ 270. ಬಿಲ್ಲಿನಲ್ಲಿ ಒಂದಕ್ಕೆ 1,770 ಆಯಿತು. ಈಗ ನಿಮ್ಮ ಅಸಲು ಎಷ್ಟು ಅಂತ ಕೇಳಿದರೆ ಹತ್ತರಲ್ಲಿ ಏಳು ಜನ 1,770 ಅಂತಾರೆ. ಕೊಟ್ಟಿದ್ದು ಅಷ್ಟೇ ಅಲ್ವಾ? ಕೈಯಿಂದ ಹೋಗಿದ್ದು ಅಷ್ಟು, ನಿಜ. ಆದರೆ ಅದರಲ್ಲಿ 270 ನಿಮ್ಮದಾಗಿ ಉಳಿಯುವ ಖರ್ಚಲ್ಲ. ನೀವು ಫ್ಯಾನ್ ಮಾರುವಾಗ ಗಿರಾಕಿಯಿಂದ ತೆರಿಗೆ ತೆಗೆದುಕೊಳ್ಳುತ್ತೀರಿ. ಅದನ್ನು ಸರ್ಕಾರಕ್ಕೆ ಕಟ್ಟುವಾಗ, ಮೊದಲೇ ಕೊಟ್ಟ 270 ಕಳೆದು ಉಳಿದಿದ್ದು ಮಾತ್ರ ಕಟ್ಟುತ್ತೀರಿ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನುವುದು ಇಷ್ಟೇ. ಹಾಗಾಗಿ ಫ್ಯಾನಿನ ಅಸಲು 1,500. ಆ 270 ನೀವು ಸ್ವಲ್ಪ ದಿನ ಹಾಕಿದ ಕೈಗಡ.

ಇದನ್ನು ಕೇಳಿ ನೀವು ಹೇಳಬಹುದು: ತೆರಿಗೆ ಸೇರಿಸಿ ತಂದೆ, ತೆರಿಗೆ ಸೇರಿಸಿ ಮಾರಿದೆ, ಎರಡೂ ಶೇಕಡ 18, ಲೆಕ್ಕ ಸರಿಹೋಯಿತಲ್ಲ, ಏನು ವ್ಯತ್ಯಾಸ? ಬರೀ ಫ್ಯಾನಿನ ದರ ಮಾತ್ರ ಆಗಿದ್ದರೆ ವ್ಯತ್ಯಾಸ ಇಲ್ಲ, ಒಪ್ಪುತ್ತೇನೆ. 1,770ಕ್ಕೆ ತಂದು 1,770ಕ್ಕೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪೆಟ್ಟು ಬೀಳುವುದು ಉಳಿದ ಖರ್ಚಿನಲ್ಲಿ.

ಆ ಖರ್ಚು ನೋಡೋಣ. ಲಾರಿ ಬಾಡಿಗೆ 40 ಫ್ಯಾನಿಗೆ 1,200, ಒಂದಕ್ಕೆ 30. ಹಮಾಲಿ 200, ಒಂದಕ್ಕೆ 5. ಅಂಗಡಿ ಬಾಡಿಗೆ, ಹುಡುಗನ ಸಂಬಳ, ಕರೆಂಟು ಎಲ್ಲ ಹಂಚಿದರೆ ಒಂದು ಫ್ಯಾನಿಗೆ 85 ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಒಟ್ಟು 120. ಟ್ರಾನ್ಸ್‌ಪೋರ್ಟಿನವರು ತೆರಿಗೆ ಹಾಕದೆ ಬಿಲ್ ಕೊಟ್ಟಿದ್ದರೆ ಲಾರಿ ಬಾಡಿಗೆಯ ಮೇಲೆ ಶೇಕಡ 5 ನೀವೇ ಕಟ್ಟಬೇಕು, ಅದನ್ನು ನಗದಿನಲ್ಲೇ ಕಟ್ಟಬೇಕು. ಆಮೇಲೆ ಅದನ್ನೂ ಕ್ರೆಡಿಟ್ ತೆಗೆದುಕೊಳ್ಳಬಹುದು. ಅದಕ್ಕೇ ಲೆಕ್ಕಕ್ಕೆ 30 ಮಾತ್ರ ಹಿಡಿದೆ.

ಈಗ ಸಾಮಾನ್ಯವಾಗಿ ಅಂಗಡಿಯವರು ಹಾಕುವ ಲೆಕ್ಕ: 1,770ಕ್ಕೆ 120 ಸೇರಿಸು, 1,890. ಅದಕ್ಕಿಂತ ಕೆಳಗೆ ಇಳಿಯಬೇಡ. ಸೀಸನ್ ಮುಗಿದ ಮೇಲೆ ಗೋದಾಮಿನಲ್ಲಿ ಉಳಿದಿದ್ದನ್ನು 1,890ಕ್ಕೇ ಕೊಟ್ಟು, ಹೋಗಲಿ, ಅಸಲಾದರೂ ಬಂತು ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ.

ಅಸಲು ಬಂದಿಲ್ಲ. ಗಿರಾಕಿ ಕೊಟ್ಟ 1,890ರಲ್ಲಿ ತೆರಿಗೆ ಸೇರಿದೆ. ಅದನ್ನು 1.18ರಿಂದ ಭಾಗಿಸಿ. 1,601 ರೂಪಾಯಿ 69 ಪೈಸೆ. ನಿಮ್ಮ ನಿಜವಾದ ಖರ್ಚು 1,500ಕ್ಕೆ 120 ಸೇರಿ 1,620. ಒಂದು ಫ್ಯಾನಿಗೆ 18 ರೂಪಾಯಿ 31 ಪೈಸೆ ಕೈಯಿಂದ ಹೋಯಿತು.

ಎಲ್ಲಿ ಹೋಯಿತು? ಹಮಾಲಿಗೆ ಕೊಟ್ಟ 5 ರೂಪಾಯಿಗೆ ತೆರಿಗೆ ಬಿಲ್ಲಿಲ್ಲ. ಹುಡುಗನ ಸಂಬಳಕ್ಕೂ ಇಲ್ಲ. ಆದರೆ ಆ ರೂಪಾಯಿಗಳನ್ನು ನೀವು ಫ್ಯಾನಿನ ದರದಲ್ಲಿ ಸೇರಿಸಿ ವಸೂಲು ಮಾಡುವಾಗ, ಸರ್ಕಾರ ಅದಕ್ಕೂ ಶೇಕಡ 18 ಕೇಳುತ್ತದೆ. ಕಳೆಯುವುದಕ್ಕೆ ನಿಮ್ಮ ಕೈಯಲ್ಲಿ ಕ್ರೆಡಿಟ್ ಇಲ್ಲ. ಹೀಗಾಗಿ ತೆರಿಗೆ ಇಲ್ಲದ ಒಂದು ರೂಪಾಯಿ ಖರ್ಚು ವಾಪಸ್ ಬರಬೇಕಾದರೆ ಗಿರಾಕಿಯಿಂದ ಒಂದು ರೂಪಾಯಿ 18 ಪೈಸೆ ಬರಬೇಕು. ಫ್ಯಾನಿನ 1,500ಕ್ಕೆ ನೀವು ತೆರಿಗೆ ಮೊದಲೇ ಕೊಟ್ಟಿದ್ದೀರಿ, ಈ 120ಕ್ಕೆ ಕೊಟ್ಟಿಲ್ಲ. 120ರ ಶೇಕಡ 18 ಎಷ್ಟು? 21 ರೂಪಾಯಿ 60 ಪೈಸೆ. 1,890ಕ್ಕೆ ಅದನ್ನು ಸೇರಿಸಿದರೆ 1,911 ರೂಪಾಯಿ 60 ಪೈಸೆ. ನಿಮ್ಮ ನಿಜವಾದ ಕೆಳಗಿನ ದರ ಅದು. ನೇರವಾಗಿ ಮಾಡಿದರೂ ಅಷ್ಟೇ ಬರುತ್ತದೆ:

```
(1500 + 120) × 1.18 = 1911.60
```

ಚೀಟಿಯ ಮೇಲೆ ಬರೆದುಕೊಳ್ಳಬೇಕಾದ್ದು ಇದೊಂದೇ. ಮೊದಲು ತೆರಿಗೆ ಬಿಟ್ಟು ಎಲ್ಲ ಖರ್ಚು ಕೂಡಿಸಿ, ಕೊನೆಗೆ ಒಂದೇ ಸಲ 1.18ರಿಂದ ಗುಣಿಸಿ. ಮಧ್ಯದಲ್ಲಿ ತೆರಿಗೆ ಸೇರಿಸಲು ಹೋದರೆ ತಪ್ಪುತ್ತೀರಿ. ಕೆಲವರು ಉಲ್ಟಾ ತಪ್ಪುತ್ತಾರೆ. 1,890ನ್ನೇ ಅಸಲು ಅಂದುಕೊಂಡು ಅದರ ಮೇಲೆ ಮತ್ತೆ ಶೇಕಡ 18 ಹಾಕಿ 2,230 ಹೇಳುತ್ತಾರೆ. ಗಿರಾಕಿ ಎದುರು ಅಂಗಡಿಗೆ ಹೋಗುತ್ತಾನೆ. ಆಮೇಲೆ ಇವರು, ಎದುರಿನವನು ಕಳ್ಳ ಮಾಲು ಮಾರುತ್ತಾನೆ ಅನ್ನುತ್ತಾರೆ! ಅವನು ಮಾಡಿದ್ದು ಸುಮ್ನೆ ಸರಿಯಾದ ಲೆಕ್ಕ.

ಕಳ್ಳ ಮಾಲಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಯಾರೋ ಬಂದು, ಬಿಲ್ ಬೇಡ ಅಂದರೆ ಇದೇ ಫ್ಯಾನ್ 1,600ಕ್ಕೆ ಕೊಡ್ತೀನಿ ಅಂತಾನೆ. 1,770 ಎಲ್ಲಿ, 1,600 ಎಲ್ಲಿ, 170 ಉಳಿಯಿತು ಅನ್ನಿಸುತ್ತದೆ. ಕಾನೂನಿನ ಮಾತು ಪಕ್ಕಕ್ಕಿಡಿ, ವ್ಯಾಪಾರದ ಲೆಕ್ಕವನ್ನೇ ನೋಡಿ. ಬಿಲ್ಲಿನ ಫ್ಯಾನಿನ ಅಸಲು 1,500, ಬಿಲ್ಲಿಲ್ಲದ್ದು 1,600. ನೂರು ರೂಪಾಯಿ ದುಬಾರಿ. ನಿಮ್ಮ ಗಿರಾಕಿಗೆ ನೀವು ಬಿಲ್ ಕೊಡಬೇಕಾದವರು. ಆಗ ಕೆಳಗಿನ ದರ 1,720 ಗುಣಿಸು 1.18, ಅಂದರೆ 2,029 ರೂಪಾಯಿ 60 ಪೈಸೆ. ಬಿಲ್ಲಿನ ಮಾಲಿಗಿಂತ 118 ಜಾಸ್ತಿ. ಬಿಲ್ಲಿಲ್ಲದೆ ತಂದವನು ಬಿಲ್ಲಿಲ್ಲದೆಯೇ ಮಾರಬೇಕಾಗುತ್ತದೆ, ಅಲ್ಲಿಂದ ಮುಂದೆ ಅವನ ಪುಸ್ತಕ ಎಂದೂ ತಾಳೆಯಾಗುವುದಿಲ್ಲ.

ಈಗ ನನ್ನದೇ ಒಂದು ಕಥೆ. ಲೆಕ್ಕ ಬರೆಯುವ ಕೆಲಸಕ್ಕೆ ಬರುವ ಮೊದಲು ನಾನೂ ನಮ್ಮ ಮಾವನವರ ಅಂಗಡಿಯಲ್ಲಿ ಕೂತವನು. ಒಂದು ಬೇಸಿಗೆಯಲ್ಲಿ ಮಾಲು ಮುಗಿಯಿತು, ನಾನೇ ಹೈದರಾಬಾದಿಗೆ ಹೋಗಿ ಒಂದು ಅಂಗಡಿಯಲ್ಲಿ ಕೌಂಟರಿನಲ್ಲೇ 10 ಫ್ಯಾನ್ ಕಟ್ಟಿಸಿಕೊಂಡು ಬಂದೆ. 17,700 ಕೊಟ್ಟೆ. ಜಿಎಸ್‌ಟಿ ನಂಬರ್ ಹೇಳಿದೆ, ಬಿಲ್ಲಿನ ಮೇಲೆ ನಮ್ಮ ನಂಬರ್ ಸರಿಯಾಗಿಯೇ ಇತ್ತು. 50,000 ದಾಟಿರಲಿಲ್ಲ, ಇ-ವೇ ಬಿಲ್ ಬೇಕಾಗಿರಲಿಲ್ಲ. ಎಲ್ಲ ಸಲೀಸು.

ಮುಂದಿನ ತಿಂಗಳು 14ನೇ ತಾರೀಕು ಪೋರ್ಟಲ್‌ನಲ್ಲಿ GSTR-2B, ಅಂದರೆ ನಮಗೆ ಮಾರಿದವರು ಹಾಕಿದ ಬಿಲ್ಲುಗಳ ಪಟ್ಟಿ, ತೆಗೆದು ನೋಡಿದರೆ ಆ ಬಿಲ್ ಇದೆ, ಆದರೆ ಕ್ರೆಡಿಟ್ ಸಿಗದ ಬಿಲ್ಲುಗಳ ಪಟ್ಟಿಯಲ್ಲಿ. ಬಿಲ್ ಮತ್ತೆ ತೆಗೆದು ನೋಡಿದೆ. ರಾಜ್ಯ ದಾಟುವ ಮಾಲಿಗೆ ಹಾಕುವ ಐಜಿಎಸ್‌ಟಿ ಶೇಕಡ 18 ಅಂತ ಇರಬೇಕಾದ ಜಾಗದಲ್ಲಿ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಅಂತ ಇತ್ತು. ನಾನು ಕೌಂಟರಿನಲ್ಲಿ ನಿಂತು ತೆಗೆದುಕೊಂಡಿದ್ದಕ್ಕೆ ಅವನು ಅದನ್ನು ಅಲ್ಲಿಯದೇ ವ್ಯಾಪಾರ ಅಂದುಕೊಂಡು ತೆಲಂಗಾಣದ ತೆರಿಗೆ ಹಾಕಿದ್ದ. ಆ ತೆರಿಗೆ ಕರ್ನಾಟಕದ ನೋಂದಣಿಗೆ ಕ್ರೆಡಿಟ್ ಆಗಿ ಬರುವುದಿಲ್ಲ. ನಮ್ಮ ನಂಬರ್ 29ರಿಂದ ಶುರುವಾಗುತ್ತದೆ, ಅವರದು 36ರಿಂದ. ಬಿಲ್ಲಿನಲ್ಲಿ ಈ ಎರಡು ನಂಬರು ಬೇರೆ ಇದ್ದು, ಮಾಲು ರಾಯಚೂರಿಗೇ ಬರುತ್ತಿದ್ದರೆ ತೆರಿಗೆ ಐಜಿಎಸ್‌ಟಿ ಆಗಿರಬೇಕು. ಬೇರೆ ಏನಿದ್ದರೂ ಬಿಲ್ ಬದಲಿಸದೆ ಅಂಗಡಿ ಬಿಟ್ಟು ಇಳಿಯಬೇಡಿ.

ಫೋನ್ ಮಾಡಿದೆ. ಆ ತಿಂಗಳ ರಿಟರ್ನ್ ಹಾಕಿ ಆಯ್ತು ಸಾರ್ ಅಂದರು. ತಿದ್ದಲು ದಾರಿ ಇದೆ, ಆದರೆ ತಿದ್ದಬೇಕಾದವರು ಅವರು. ನನ್ನ 2,700 ರೂಪಾಯಿಗೆ ಅವರು ಮತ್ತೊಮ್ಮೆ ತೆರಿಗೆ ಕಟ್ಟಿ, ಹಳೆಯದನ್ನು ರೀಫಂಡ್ ಕೇಳುವ ತಲೆನೋವು ಹಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ನಾನು ಆ ಹತ್ತೂ ಫ್ಯಾನನ್ನು 1,950ರಂತೆ ಮಾರಿಬಿಟ್ಟಿದ್ದೆ. 1,911 ದಾಟಿದ್ದೇನೆ, ಲಾಭವೇ ಅಂತ ಖುಷಿ ಬೇರೆ. ತೆರಿಗೆ ಬಿಟ್ಟು ನನಗೆ ಬಂದಿದ್ದು ಒಂದಕ್ಕೆ 1,652.54. ಕ್ರೆಡಿಟ್ ಹೋದ ಮೇಲೆ ಅಸಲು ನಿಜವಾಗಿಯೂ 1,770 ಆಯಿತು, ಖರ್ಚು ಅದೇ 120 ಹಿಡಿದರೆ ಒಟ್ಟು 1,890. ಒಂದು ಫ್ಯಾನಿಗೆ 237 ರೂಪಾಯಿ ನಷ್ಟ. ಮಾವನವರು ಏನೂ ಅನ್ನಲಿಲ್ಲ. ಮುಂದಿನ ಸಲ ಲಾರಿಯಲ್ಲೇ ತರಿಸು ಅಂದರು, ಅಷ್ಟೇ.

ನೋಡಿ, ಒಂದೇ ಫ್ಯಾನಿಗೆ ಎರಡು ಅಸಲು. ಕ್ರೆಡಿಟ್ ಬಂದರೆ 1,500, ಬರದಿದ್ದರೆ 1,770. ಯಾವುದು ಅಂತ ನೀವು ಮಾರುವ ದಿನ ಗೊತ್ತಿರುವುದಿಲ್ಲ. ತಿಂಗಳು ತಿಂಗಳು ರಿಟರ್ನ್ ಹಾಕುವ ಹೋಲ್‌ಸೇಲರ್‌ಗಳು ಮುಂದಿನ ತಿಂಗಳು 11ರೊಳಗೆ ಮಾರಾಟದ ಬಿಲ್ಲುಗಳ GSTR-1 ಹಾಕಬೇಕು, 14ಕ್ಕೆ ನಿಮ್ಮ GSTR-2B ಬರುತ್ತದೆ, 20ರೊಳಗೆ ನೀವು ತೆರಿಗೆ ಕಟ್ಟಿ GSTR-3B ಹಾಕಬೇಕು. ಅವರು ಹಾಕದಿದ್ದರೆ ನಿಮ್ಮ ಕೈಯಲ್ಲಿರುವ ಬಿಲ್ಲಿನಿಂದ ಆ ತಿಂಗಳು ಕ್ರೆಡಿಟ್ ಇಲ್ಲ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಹೋಲ್‌ಸೇಲರ್ ಆಗಿದ್ದರೆ, ಅವರು ಮಧ್ಯದಲ್ಲಿ ಬಿಲ್ ಅಪ್‌ಲೋಡ್ ಮಾಡದಿದ್ದರೆ, ಮೂರು ತಿಂಗಳ ನಂತರವೇ ಕಾಣಿಸುತ್ತದೆ.

ನಾನು ಲೆಕ್ಕ ನೋಡುವ ಅಂಗಡಿಗಳಲ್ಲಿ ಒಂದು ರೂಢಿ ಮಾಡಿಸಿದ್ದೇನೆ. ಹೊಸ ಹೋಲ್‌ಸೇಲರ್ ಆದರೆ ಮಾಲಿನ ದುಡ್ಡು ಮೊದಲು, ತೆರಿಗೆಯ ದುಡ್ಡು ಬಿಲ್ 2Bಯಲ್ಲಿ ಕಂಡ ಮೇಲೆ. ಮೊದಲೇ ಮಾತಾಡಿಕೊಂಡರೆ ಬಹಳ ಜನ ಒಪ್ಪುತ್ತಾರೆ. ಆದರೆ ಇದನ್ನು ಎಳೆದಾಡಬೇಡಿ. ಬಿಲ್ಲಿನ ತಾರೀಕಿನಿಂದ 180 ದಿನದೊಳಗೆ ತೆರಿಗೆ ಸಮೇತ ಪೂರ್ತಿ ಪಾವತಿ ಆಗದಿದ್ದರೆ, ತೆಗೆದುಕೊಂಡ ಕ್ರೆಡಿಟ್ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಉದ್ರಿ ಜಾಸ್ತಿ ಇರುವ ನಮ್ಮ ಕಡೆ ಇದು ಬಹಳ ಜನರನ್ನು ಹಿಡಿಯುತ್ತದೆ. ಪಾವತಿ ಮಾಡಿದ ಮೇಲೆ ಆ ಕ್ರೆಡಿಟ್ ಮತ್ತೆ ಸಿಗುತ್ತದೆ, ಬಡ್ಡಿ ಸಿಗುವುದಿಲ್ಲ.

ಫ್ಯಾನ್ ಬಿದ್ದು ಒಡೆದರೆ ಏನು ಅಂತ ಆಗಲೇ ಒಬ್ಬರು ಕೇಳಿದರು. ಪೂರ್ತಿ ಹಾಳಾಗಿ ಎಸೆದರೆ ಅದರ 270 ಕ್ರೆಡಿಟ್ ಬಿಟ್ಟುಕೊಡಬೇಕು. ಡ್ಯಾಮೇಜ್ ಅಂತ ಅರ್ಧ ದರಕ್ಕೆ ಬಿಲ್ ಹಾಕಿ ಮಾರಿದರೆ ಬಿಡಬೇಕಾಗಿಲ್ಲ.

ಕೊನೆಗೆ, ಸಣ್ಣ ಅಂಗಡಿಗಳಿಗೆ ಇರುವ ಸರಳ ತೆರಿಗೆ ಪದ್ಧತಿಯಾದ ಕಂಪೋಸಿಷನ್‌ನಲ್ಲಿರುವವರ ಪ್ರಶ್ನೆ. ನಿಮಗೆ ಕ್ರೆಡಿಟ್ ಇಲ್ಲ, ಗಿರಾಕಿಯಿಂದ ತೆರಿಗೆ ತೆಗೆದುಕೊಳ್ಳುವ ಹಾಗೂ ಇಲ್ಲ, ಮಾರಿದ್ದರ ಮೇಲೆ ಶೇಕಡ 1 ನಿಮ್ಮ ಕೈಯಿಂದ. ನಿಮಗೆ ಅಸಲು 1,770 ಪೂರ್ತಿ, ಲಾರಿ ಬಾಡಿಗೆಯ ಮೇಲಿನ ಒಂದೂವರೆ ರೂಪಾಯಿ ತೆರಿಗೆಯೂ ಅದಕ್ಕೇ ಸೇರಿತು. ಒಟ್ಟು 1,891.50. ಇದನ್ನು 0.99ರಿಂದ ಭಾಗಿಸಿದರೆ 1,910 ರೂಪಾಯಿ 61 ಪೈಸೆ. ರೆಗ್ಯುಲರ್ ಅಂಗಡಿಯವನ 1,911.60ಕ್ಕೂ ಇದಕ್ಕೂ ಒಂದೇ ಒಂದು ರೂಪಾಯಿ ಅಂತರ! ಮೊದಲ ಸಲ ಲೆಕ್ಕ ಹಾಕಿದಾಗ ನಾನೇ ಮತ್ತೊಮ್ಮೆ ಕೂಡಿಸಿ ನೋಡಿದೆ.

ಮನೆಗೆ ಫ್ಯಾನ್ ಒಯ್ಯುವ ಗಿರಾಕಿಗೆ ಇಬ್ಬರೂ ಒಂದೇ. 2,000ಕ್ಕೆ ಮಾರಿದರಂತೂ ರೆಗ್ಯುಲರ್‌ನವನಿಗೆ ಸುಮಾರು 75 ಉಳಿದರೆ ಕಂಪೋಸಿಷನ್‌ನವನಿಗೆ 88 ಉಳಿಯುತ್ತದೆ. ಆದರೆ ಒಂದು ಶೋರೂಮ್‌ನವನು ಬಂದು ತನ್ನ ಅಂಗಡಿಗೆ 20 ಫ್ಯಾನ್ ಬೇಕು ಅಂದ ಅಂದುಕೊಳ್ಳಿ. ಅವನಿಗೂ ಜಿಎಸ್‌ಟಿ ನಂಬರ್ ಇದೆ, ಅವನೂ ಕ್ರೆಡಿಟ್ ತೆಗೆದುಕೊಳ್ಳುತ್ತಾನೆ. ರೆಗ್ಯುಲರ್ ಅಂಗಡಿಯವನು 1,620ರ ಮೇಲೆ ತೆರಿಗೆ ಹಾಕಿ ಬಿಲ್ ಕೊಟ್ಟರೆ ಅವನಿಗೆ ಬೀಳುವುದು 1,620 ಮಾತ್ರ. ನೀವು ಎಷ್ಟೇ ಇಳಿದರೂ ಅವನಿಗೆ 1,910 ಬೀಳುತ್ತದೆ. ನಿಮ್ಮ ಗಲ್ಲಾದ ಮುಂದೆ ನಿಲ್ಲುವವರಲ್ಲಿ ಬಿಲ್ಲಿಗೆ ನಂಬರ್ ಬರೆಸುವವರು ಎಷ್ಟು ಜನ ಅಂತ ಒಂದು ತಿಂಗಳು ಎಣಿಸಿ, ಆಮೇಲೆ ಕಂಪೋಸಿಷನ್ ಇಟ್ಟುಕೊಳ್ಳುವುದೋ ಬಿಡುವುದೋ ಅಂತ ನನ್ನ ಹತ್ತಿರ ಬನ್ನಿ. ಬರುವಾಗ ಆ ಪಟ್ಟಿ ತನ್ನಿ.