ಕಡಿತವಾದ ಎರಡು ತೆರಿಗೆ: ವೀಡಿಯೊ ಗಳಿಕೆಯ ಲೆಕ್ಕ

ಮಾನ್ಯರೇ,

ಮಂಡ್ಯದ ಸುತ್ತಮುತ್ತ ವೀಡಿಯೊ ಮಾಡಿ ಜೀವನ ಸಾಗಿಸುತ್ತಿರುವವರು ರಿಟರ್ನ್ ಸಲ್ಲಿಸುವ ಹೊತ್ತಿಗೆ ನನ್ನ ಬಳಿ ತರುವ ಕಾಗದ ಹೆಚ್ಚಾಗಿ ಒಂದೇ, ಬ್ಯಾಂಕ್ ಸ್ಟೇಟ್‌ಮೆಂಟ್. ಖಾತೆಗೆ ಜಮೆಯಾದದ್ದೇ ಆದಾಯ ಎಂದು ಅವರು ನಂಬಿರುತ್ತಾರೆ. ಆದರೆ ಖಾತೆಗೆ ಬರುವ ಮೊದಲೇ ಎರಡು ದೇಶಗಳ ತೆರಿಗೆ ಅದರಲ್ಲಿ ಕಡಿತವಾಗಿರುತ್ತದೆ, ಮತ್ತು ಆ ಎರಡೂ ಕಡಿತಗಳ ಗತಿ ಬೇರೆ ಬೇರೆ. ಇಂದು ಅದನ್ನಷ್ಟೇ ಬಿಡಿಸಿ ಹೇಳುತ್ತೇನೆ.

ಆಲೆಮನೆಯ ವೀಡಿಯೊಗಳನ್ನು ಮಾಡುವ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವುದನ್ನು, ಪಾಕ ಹದಕ್ಕೆ ಬಂದು ಅಚ್ಚಿಗೆ ಇಳಿಯುವುದನ್ನು ಅವರು ವಾರಕ್ಕೆರಡು ಬಾರಿ ಯೂಟ್ಯೂಬ್‌ಗೆ ಹಾಕುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೂ ನೋಡುತ್ತಾರೆ. ಲಾಭದ ಉದ್ದೇಶದಿಂದ, ಕ್ರಮಬದ್ಧವಾಗಿ, ಎಡೆಬಿಡದೆ ನಡೆಯುವ ಈ ಕೆಲಸದ ಗಳಿಕೆಯನ್ನು ವ್ಯಾಪಾರ ಅಥವಾ ವೃತ್ತಿಯ ಆದಾಯವೆಂದೇ ಲೆಕ್ಕ ಹಾಕಬೇಕು. ಸಂಕಲನಕಾರರ ಸಂಬಳ, ಇಂಟರ್‌ನೆಟ್, ಓಡಾಟದ ಖರ್ಚುಗಳನ್ನು ಕಳೆಯಲು ದಾರಿಯಾಗುವುದೂ ಹಾಗೆ ಲೆಕ್ಕ ಹಾಕಿದಾಗಲೇ.

2025-26ರ ಆರ್ಥಿಕ ವರ್ಷದಲ್ಲಿ ಅವರ ಜಾಹೀರಾತಿನ ಗಳಿಕೆ 6,00,000 ರೂಪಾಯಿ ಎನ್ನೋಣ. ಅದರಲ್ಲಿ ಅಮೆರಿಕದ ವೀಕ್ಷಕರಿಂದ ಬಂದದ್ದು 1,20,000. ಆ ಪಾಲಿನ ಮೇಲೆ ಮಾತ್ರ ಅಲ್ಲಿನ ಕಾನೂನಿನಂತೆ ಶೇ. 15ರ ದರದಲ್ಲಿ 18,000 ಕಡಿತವಾಗಿ, ಉಳಿದ 5,82,000 ಖಾತೆಗೆ ಬರುತ್ತದೆ. ಶೇ. 15 ಭಾರತ ಮತ್ತು ಅಮೆರಿಕದ ತೆರಿಗೆ ಒಪ್ಪಂದದ ದರ. ಯೂಟ್ಯೂಬ್ ಜಾಹೀರಾತಿನ ಹಣ ಬರುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ ಡಬ್ಲ್ಯೂ-8ಬೆನ್ ಎಂಬ ನಮೂನೆಯನ್ನು ತುಂಬಿ ಒಪ್ಪಂದದ ಲಾಭ ಕೇಳಿದವರಿಗಷ್ಟೇ ಅದು ಸಿಗುತ್ತದೆ. ತೆರಿಗೆ ಮಾಹಿತಿಯನ್ನೇ ಕೊಡದೆ ಸುಮ್ಮನಿದ್ದರೆ, ಅಮೆರಿಕದ ಪಾಲಿಗಷ್ಟೇ ನಿಲ್ಲದೆ ಜಗತ್ತಿನ ಎಲ್ಲ ಗಳಿಕೆಯ ಮೇಲೂ ಶೇ. 24ರವರೆಗೆ ಕಡಿತವಾಗಬಹುದು.

ಇನ್ನು ಪ್ರಾಯೋಜಕರ ಹಣ. ಒಂದು ಭಾರತೀಯ ಕಂಪನಿ 4,00,000 ರೂಪಾಯಿ ಕೊಡಲು ಒಪ್ಪಿ, ಶೇ. 10ರಂತೆ 40,000 ರೂಪಾಯಿಯನ್ನು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಎಂದು ಹಿಡಿದಿದೆ. ಜೊತೆಗೆ 60,000 ಬೆಲೆಯ ಕ್ಯಾಮೆರಾ ಕೊಟ್ಟು, ಅದನ್ನು ಅವರೇ ಇಟ್ಟುಕೊಳ್ಳಬಹುದು ಎಂದಿದೆ. ಇಟ್ಟುಕೊಂಡ ವಸ್ತುವಿನ ಬೆಲೆಯೂ ಆದಾಯವೇ, ಹಿಂದಿರುಗಿಸಿದರೆ ಅಲ್ಲ. ವರ್ಷಕ್ಕೆ 20,000 ರೂಪಾಯಿ ದಾಟುವ ಇಂಥ ಲಾಭಕ್ಕೆ 194ಆರ್ ಕಲಮಿನಡಿ ಶೇ. 10ರ ಟಿಡಿಎಸ್ ಇರುವುದರಿಂದ, ಇನ್ನೂ 6,000 ರೂಪಾಯಿಯನ್ನು ಕಂಪನಿಯು ನಗದಿನಲ್ಲೇ ಮುರಿದುಕೊಂಡಿದೆ. ಹೀಗೆ ಆದಾಯವಾಗಿ ತೋರಿಸಿದ ಕ್ಯಾಮೆರಾವನ್ನು ಕೆಲಸಕ್ಕೆ ಬಳಸಿದರೆ ಅದರ ಮೇಲೆ ಸವಕಳಿ, ಅಂದರೆ ಬಳಕೆಯಿಂದ ಇಳಿಯುವ ಬೆಲೆಯನ್ನು ಖರ್ಚಾಗಿ ಕಳೆಯುವುದನ್ನು, ಕೇಳಬಹುದೆಂಬುದು ಅನೇಕರಿಗೆ ತಿಳಿದಿಲ್ಲ.

ಈಗ ನೋಡಿ: ಬ್ಯಾಂಕಿಗೆ ಬಂದದ್ದು 9,36,000, ತೋರಿಸಬೇಕಾದ ಒಟ್ಟು ಗಳಿಕೆ 10,60,000. ಸವಕಳಿಯೂ ಸೇರಿ 2,60,000 ಖರ್ಚು ಕಳೆದರೆ ಲಾಭ 8,00,000. ಬೇರೆ ಆದಾಯವಿಲ್ಲದಿದ್ದರೆ, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಆದ್ದರಿಂದ ಭಾರತದಲ್ಲಿ ಹಿಡಿದ 46,000 ರೂಪಾಯಿ ಪೂರ್ತಿ ಮರುಪಾವತಿಯಾಗುತ್ತದೆ.

ಅಮೆರಿಕದಲ್ಲಿ ಹಿಡಿದ 18,000 ಮಾತ್ರ ಬರುವುದಿಲ್ಲ. ನಮೂನೆ 67ನ್ನು ಸಲ್ಲಿಸಿ ಕೇಳುವ ವಿದೇಶಿ ತೆರಿಗೆಯ ಕ್ರೆಡಿಟ್, ಅಂದರೆ ಇಲ್ಲಿನ ತೆರಿಗೆಯಲ್ಲಿ ಸಿಗುವ ವಜಾ, ಅಲ್ಲಿ ಕಟ್ಟಿದ ತೆರಿಗೆ ಮತ್ತು ಅದೇ ಆದಾಯಕ್ಕೆ ಇಲ್ಲಿ ಬೀಳುವ ತೆರಿಗೆ, ಇವೆರಡರಲ್ಲಿ ಕಡಿಮೆ ಇರುವಷ್ಟೇ ಸಿಗುತ್ತದೆ. ಇಲ್ಲಿ ತೆರಿಗೆಯೇ ಇಲ್ಲದಿರುವಾಗ ಕ್ರೆಡಿಟ್ ಸಹ ಸೊನ್ನೆ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಆಗದು. ಲಾಭ 16,00,000 ಆಗಿದ್ದರೂ ಸೆಸ್ ಸೇರಿ ತೆರಿಗೆ 1,24,800, ಅಂದರೆ ಸರಾಸರಿ ಶೇ. 7.8, ಖರ್ಚಿನ ಪಾಲು ಕಳೆಯದೆ ನೋಡಿದರೂ 1,20,000ಕ್ಕೆ ಸಿಗುವ ಕ್ರೆಡಿಟ್ 9,360 ಮಾತ್ರ. ಸಣ್ಣ ಗಳಿಕೆಯವರಿಗೇ ಹೆಚ್ಚು ಹೊರೆಯಾಗುವ ಈ ಸ್ಥಿತಿ ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಸದ್ಯದ ನಿಯಮ ಇದೇ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಇಲ್ಲಿನ ಟಿಡಿಎಸ್ ನಿಮ್ಮ ಪ್ಯಾನ್ ಹೆಸರಿನ 26ಎಎಸ್ ಎಂಬ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಕಾಣುತ್ತದೆ. ಅಮೆರಿಕದ ಕಡಿತ ಅಲ್ಲಿ ಕಾಣುವುದಿಲ್ಲ, ಆಡ್‌ಸೆನ್ಸ್‌ನ ತಿಂಗಳ ವಹಿವಾಟಿನಲ್ಲಿ ಬೇರೆ ಸಾಲಾಗಿ ಇರುತ್ತದೆ. ಅಲ್ಲಿನ ಕಡಿತದ ಲೆಕ್ಕ ತೋರಿಸಿ ಅಮೆರಿಕದಿಂದ ಬರುವ 1042-ಎಸ್ ಪತ್ರ ಜನವರಿಯಿಂದ ಡಿಸೆಂಬರ್‌ವರೆಗಿನದು, ನಮ್ಮ ವರ್ಷವೋ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಆದ್ದರಿಂದ ಆ ಪತ್ರದ ಮೊತ್ತವನ್ನು ಹಾಗೆಯೇ ಇಳಿಸದೆ, ತಿಂಗಳ ಸಾಲುಗಳನ್ನು ಕೂಡಿಸಿ ಬರೆದಿಟ್ಟುಕೊಳ್ಳಿ. ಕ್ರೆಡಿಟ್ ಕೇಳುವವರು ಐಟಿಆರ್-4 ಎಂಬ ರಿಟರ್ನ್ ನಮೂನೆಯನ್ನು ಬಳಸಬಾರದು, ಅದರಲ್ಲಿ ಅದಕ್ಕೆ ಜಾಗವಿಲ್ಲ, ಐಟಿಆರ್-3ರಲ್ಲೇ ತುಂಬಬೇಕು.